ನೆರೆ ಬರುವ ಮುನ್ನ ತೋರಿಸುವ ಎರಡು ನಿಮಿಷದ ವೀಡಿಯೊ: ಸ್ಕ್ರಿಪ್ಟ್ ಬರೆಯುವುದು ಹೇಗೆ?

ನೆರೆ ಅಥವಾ ಚಂಡಮಾರುತದ ಬಗ್ಗೆ ಜನರಿಗೆ ತೋರಿಸಲು ಚಿಕ್ಕ ವೀಡಿಯೊ ಮಾಡಬೇಕು, ಸ್ಕ್ರಿಪ್ಟ್ ಎಲ್ಲಿಂದ ಶುರು ಮಾಡೋದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಶಿಕ್ಷಕರು ಕೇಳುತ್ತಾರೆ, ಸ್ವಯಂಸೇವಕರು ಕೇಳುತ್ತಾರೆ, ಕಾಲೇಜು ಹುಡುಗರೂ ಕೇಳುತ್ತಾರೆ. ಅವರು ತೋರಿಸುವ ಕರಡು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ಗುಡುಗು, ಆಮೇಲೆ ಕೊಚ್ಚಿಹೋಗುವ ಕಾರು, ಕೊನೆಗೆ ಗಡಸು ದನಿಯಲ್ಲಿ ಹದಿನೈದು ಸೂಚನೆ. ನೋಡಿದವರಿಗೆ ಕಾರು ನೆನಪಿರುತ್ತದೆ, ಸೂಚನೆ ನೆನಪಿರುವುದಿಲ್ಲ.

ಹಾಗಾಗಿ ಇಲ್ಲಿ ಒಂದೇ ಸಂದರ್ಭ ಹಿಡಿದು ಪೂರ್ತಿ ಸ್ಕ್ರಿಪ್ಟ್ ಬರೆದು ನೋಡೋಣ. ನದಿ ಉಕ್ಕುತ್ತಿದೆ, ರಾತ್ರಿ ಹೊತ್ತಿಗೆ ನೀರು ಮನೆಯೊಳಗೆ ಬರಬಹುದು ಎಂಬ ಮುನ್ಸೂಚನೆ ಮಧ್ಯಾಹ್ನ ಬಂದಿದೆ. ಮಹಡಿ ಇಲ್ಲದ ಮನೆ. ಕೈಯಲ್ಲಿ ಕೆಲವು ಗಂಟೆ ಇದೆ. ಚಂಡಮಾರುತವಾದರೆ ಏನು ಬದಲಾಗುತ್ತದೆ ಎಂಬುದು ಆಮೇಲೆ ಬರುತ್ತದೆ.

ದೊಡ್ಡ ಸಲಕರಣೆ ಏನೂ ಬೇಡ. ಒಂದು ಫೋನ್, ಒಂದು ಸ್ಟಾಪ್‌ವಾಚ್, ಕಾಗದ, ಚಿತ್ರೀಕರಣಕ್ಕೆ ಒಂದು ನಿಜವಾದ ಮನೆ ಸಾಕು. ಎರಡು ಮಾತು ಮಾತ್ರ ಮೊದಲೇ ಕೇಳಿ ಇಟ್ಟುಕೊಳ್ಳಿ. ವಿದ್ಯುತ್ ಬಗ್ಗೆ ಬರೆದ ಸಾಲುಗಳನ್ನು ಒಬ್ಬ ಎಲೆಕ್ಟ್ರಿಷಿಯನ್ ಓದಬೇಕು. ಎಲ್ಲಿಗೆ ಹೋಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ನಿಮ್ಮ ಪ್ರದೇಶದ ವಿಪತ್ತು ನಿರ್ವಹಣೆ ಕಚೇರಿಯಿಂದಲೇ ಪಡೆಯಬೇಕು. ಬೇರೆ ವೀಡಿಯೊದಿಂದ ನಕಲು ಮಾಡಿದ ನಂಬರ್ ಹಾಕಬೇಡಿ.

1. ಒಂದು ಹೊತ್ತನ್ನು ಆರಿಸಿಕೊಳ್ಳಿ

ನೆರೆಗೆ ಮೂರು ಹೊತ್ತುಗಳಿವೆ. ಮಳೆಗಾಲಕ್ಕೆ ಮುಂಚೆ ಮಾಡುವ ತಯಾರಿ ಒಂದು. ಮುನ್ಸೂಚನೆ ಬಂದ ಮೇಲಿನ ಕೆಲವು ಗಂಟೆ ಇನ್ನೊಂದು. ನೀರು ಇಳಿದ ಮೇಲೆ ಮನೆಗೆ ವಾಪಸ್ ಹೋಗುವುದು ಮೂರನೆಯದು. ಚರಂಡಿ ಸ್ವಚ್ಛ ಮಾಡಿ, ಬ್ಯಾಗ್ ಸಿದ್ಧ ಮಾಡಿ, ನೀರು ಕುದಿಸಿ ಕುಡಿಯಿರಿ ಎಂದು ಮೂರನ್ನೂ ಒಂದೇ ವೀಡಿಯೊದಲ್ಲಿ ತುರುಕಿದರೆ ನೋಡುವವನಿಗೆ ‘ನಾನು ಈಗ ಏನು ಮಾಡಲಿ?’ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಮೂರು ವೀಡಿಯೊ ಮಾಡಿ, ತೊಂದರೆಯಿಲ್ಲ. ಒಂದರಲ್ಲಿ ಮೂರು ಬೇಡ. ನಾವು ಇಲ್ಲಿ ಎರಡನೆಯದನ್ನು ಮಾತ್ರ ಮಾಡುತ್ತಿದ್ದೇವೆ.

2. ಕೆಲಸಗಳನ್ನು ಸಾಲಾಗಿ ಜೋಡಿಸಿ

ಇಡೀ ಸ್ಕ್ರಿಪ್ಟಿನಲ್ಲಿ ಹೆಚ್ಚು ಯೋಚನೆ ಬೇಡುವ ಹಂತ ಇದು. ಆತುರದಲ್ಲಿ ಬಿಟ್ಟುಹೋಗುವುದೂ ಇದೇ.

ಬಹಳ ಜನ ಮುಖ್ಯವಾದದ್ದು ಮೊದಲು ಎಂಬ ಲೆಕ್ಕದಲ್ಲಿ ಕೆಲಸಗಳನ್ನು ಬರೆಯುತ್ತಾರೆ. ಪ್ರಾಣಕ್ಕೆ ಅಪಾಯ ಕರೆಂಟಿನಿಂದ, ಆದ್ದರಿಂದ ಮೇನ್ ಸ್ವಿಚ್ ಆಫ್ ಮಾಡುವುದು ಒಂದನೇ ಕೆಲಸ ಅಂತ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಮಾಡಿ ನೋಡಿ. ಮೇನ್ ಆಫ್ ಆದ ಮೇಲೆ ಫೋನ್ ಚಾರ್ಜ್ ಆಗುವುದಿಲ್ಲ. ಪಂಪ್ ನಡೆಯುವುದಿಲ್ಲ, ಕುಡಿಯುವ ನೀರು ತುಂಬಲಾಗುವುದಿಲ್ಲ. ಕಾಗದಪತ್ರ ಹುಡುಕಲು ಬೆಳಕಿಲ್ಲ. ಆಗ ಯಾರೋ ಒಬ್ಬರು ಮತ್ತೆ ಸ್ವಿಚ್ ಹಾಕಲು ಹೋಗುತ್ತಾರೆ. ಅಷ್ಟರಲ್ಲಿ ನೆಲ ಒದ್ದೆಯಾಗಿದ್ದರೆ?

ಆದ್ದರಿಂದ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಎಂದು ಕೇಳಬೇಡಿ. ಯಾವ ಕೆಲಸದ ಅವಕಾಶ ಮೊದಲು ಕೈತಪ್ಪುತ್ತದೆ, ಯಾವ ಕೆಲಸ ಇನ್ನೊಂದಕ್ಕೆ ಅಡ್ಡ ಬರುತ್ತದೆ ಎಂದು ಕೇಳಿ. ಪ್ರತಿ ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ. ಪ್ರತಿ ಚೀಟಿಗೂ ಎರಡು ಪ್ರಶ್ನೆ ಹಾಕಿ: ಇದಕ್ಕೆ ಏನು ಬೇಕು? ಅದು ಯಾವಾಗ ಇಲ್ಲವಾಗುತ್ತದೆ?

ನಮ್ಮ ಸಂದರ್ಭಕ್ಕೆ ಹಾಕಿ ನೋಡೋಣ. ಫೋನ್ ಮಾಡಲು ನೆಟ್‌ವರ್ಕ್ ಬೇಕು. ಎಲ್ಲರೂ ಒಟ್ಟಿಗೆ ಫೋನ್ ಮಾಡಲು ಶುರುಮಾಡಿದರೆ, ಟವರಿಗೆ ಕರೆಂಟ್ ಹೋದರೆ, ಅದು ಕೈಕೊಡುತ್ತದೆ. ಹಾಗಾಗಿ ಹೋಗುವ ಜಾಗ ಗೊತ್ತುಮಾಡಿ ಫೋನಿನಲ್ಲಿ ಹೇಳುವುದು ಮೊದಲಿಗೆ ಬರುತ್ತದೆ. ಚಾರ್ಜ್ ಮಾಡಲು, ನೀರು ತುಂಬಲು ಕರೆಂಟ್ ಬೇಕು. ಅದು ಎರಡನೆಯದು. ಚಾರ್ಜ್ ಆಗಲು ಹೊತ್ತು ಹಿಡಿಯುವುದರಿಂದ ಬೇಗ ಹಾಕಿಟ್ಟರೆ ಉಳಿದ ಕೆಲಸದ ಜೊತೆಗೇ ಅದೂ ನಡೆಯುತ್ತದೆ.

ವಯಸ್ಸಾದವರನ್ನು, ನಡೆಯಲಾಗದವರನ್ನು ಕಳಿಸಲು ಒಣಗಿದ ರಸ್ತೆ ಬೇಕು, ಬೆಳಕು ಬೇಕು, ಗಾಡಿ ಬೇಕು. ಮೂರೂ ಸಂಜೆ ಹೊತ್ತಿಗೆ ಇಲ್ಲವಾಗಬಹುದು. ಆದ್ದರಿಂದ ಅದು ಬ್ಯಾಗ್ ಕಟ್ಟುವುದಕ್ಕಿಂತ ಮೊದಲು. ಬ್ಯಾಗ್ ಕಟ್ಟುವುದು ನಾಲ್ಕನೆಯದು. ಗ್ಯಾಸ್, ಆಮೇಲೆ ಮೇನ್ ಸ್ವಿಚ್ ಐದನೆಯದು. ಗ್ಯಾಸ್ ಮೊದಲು ಯಾಕೆ ಅಂದರೆ ಸಿಲಿಂಡರ್ ಇರುವ ಮೂಲೆ ಕಾಣಲು ಬೆಳಕು ಬೇಕು. ಹೊರಡುವುದು ಆರನೆಯದು.

ಟಿವಿ, ಫ್ರಿಜ್ ಮೇಲೆತ್ತಿಡುವುದು ಈ ಸಾಲಿನಲ್ಲಿ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಅದಕ್ಕೆ ನಿಜವಾಗಿ ಬೇಕಾದದ್ದು ಸಮಯ, ಆ ಸಮಯ ಹೊರಡುವುದರಿಂದ ಕಿತ್ತುಕೊಂಡದ್ದು. ಸಾಮಾನು ಉಳಿಸುವ ಮಾತನ್ನು ಮಳೆಗಾಲಕ್ಕೆ ಮುಂಚಿನ ವೀಡಿಯೊಗೆ ಇಟ್ಟುಕೊಳ್ಳಿ.

ಸಾಮಾನ್ಯ ತಪ್ಪು: ಆರಕ್ಕಿಂತ ಜಾಸ್ತಿ ಕೆಲಸ ಇಡುವುದು. ಏಳನೆಯದನ್ನು ಸೇರಿಸಬೇಕು ಅನ್ನಿಸಿದರೆ, ಮೊದಲು ಯಾವುದನ್ನು ತೆಗೆಯುತ್ತೀರಿ ಎಂದು ನಿರ್ಧರಿಸಿ.

3. ಸೆಕೆಂಡುಗಳನ್ನು ಹಂಚಿ

ಎರಡು ನಿಮಿಷ ಅಂದರೆ 120 ಸೆಕೆಂಡ್. ಆರಂಭಕ್ಕೆ 10. ಆರು ಕೆಲಸಕ್ಕೆ ತಲಾ 15, ಅಂದರೆ 90. ಕೊನೆಗೆ 20. ಅಷ್ಟೇ ಇರುವುದು. ಲೋಗೊ, ಶೀರ್ಷಿಕೆ, ಧನ್ಯವಾದ, ಸಂಘದ ಹೆಸರು ಇವಕ್ಕೆಲ್ಲ ಮೊದಲ ಹತ್ತು ಸೆಕೆಂಡಿನಲ್ಲಿ ಜಾಗ ಇಲ್ಲ. ಬೇಕಾದರೆ ಕೊನೆಯಲ್ಲಿ ಚಿಕ್ಕದಾಗಿ ಹಾಕಿ.

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ನಿಮಿಷಕ್ಕೆ 150 ಪದ ಎಂಬ ಲೆಕ್ಕ ಸಿಗುತ್ತದೆ. ಅದನ್ನು ಕನ್ನಡಕ್ಕೆ ಹಾಕಬೇಡಿ. ನಮ್ಮ ಪದಗಳು ಉದ್ದ. ‘ಹೋಗುತ್ತಿದ್ದರೆ’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರ್ನಾಲ್ಕು ಪದ ಬೇಕು. ಕೆಲಸಗಳ ನಡುವೆ ಬಿಡುವು ಕೊಟ್ಟು ನಿಧಾನವಾಗಿ ಓದಿದರೆ ಎರಡು ನಿಮಿಷಕ್ಕೆ 130ರಿಂದ 150 ಕನ್ನಡ ಪದ ಸಾಕಾಗುತ್ತದೆ. ಪದ ಎಣಿಸುವುದಕ್ಕಿಂತ ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದುವುದು ಒಳ್ಳೆಯದು. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ, ಯಾಕಂದರೆ ಮನಸ್ಸು ಉಸಿರು ತೆಗೆದುಕೊಳ್ಳುವುದಿಲ್ಲ.

4. ನೋಟ ಮೊದಲು ಬರೆಯಿರಿ, ಮಾತು ಆಮೇಲೆ

ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ‘ನೋಟ’, ಅಂದರೆ ತೆರೆಯ ಮೇಲೆ ಕಾಣುವುದು. ಬಲಕ್ಕೆ ‘ದನಿ’, ಅಂದರೆ ವಾಯ್ಸ್ ಓವರ್, ಹಿನ್ನೆಲೆಯಲ್ಲಿ ಕೇಳುವ ನಿರೂಪಣೆ. ತೆರೆಯ ಮೇಲೆ ಬರುವ ಅಕ್ಷರಗಳನ್ನು ಎಡಭಾಗದಲ್ಲೇ ಕೆಳಗೆ ಬರೆಯಿರಿ.

ಎಡಭಾಗವನ್ನು ಪೂರ್ತಿ ಮುಗಿಸಿ ಆಮೇಲೆ ಬಲಕ್ಕೆ ಬನ್ನಿ. ಬಹಳ ಜನ ವೀಡಿಯೊವನ್ನು ದನಿ ಇಲ್ಲದೆ ನೋಡುತ್ತಾರೆ. ಬಸ್ಸಿನಲ್ಲಿ, ಗದ್ದಲದಲ್ಲಿ, ಕಿವಿ ಕೇಳದವರ ಮನೆಯಲ್ಲಿ. ದನಿ ತೆಗೆದರೂ ಆರು ಕೆಲಸ, ಅವುಗಳ ಸಾಲು ಅರ್ಥವಾಗಬೇಕು. ಮಾತು ಮೊದಲು ಬರೆದರೆ ಏನಾಗುತ್ತದೆ ಅಂದರೆ, ನೋಟದಲ್ಲಿ ಕ್ಯಾಮೆರಾ ಎದುರು ನಿಂತು ಮಾತಾಡುವ ಒಬ್ಬ ಮನುಷ್ಯ ಮಾತ್ರ ಉಳಿಯುತ್ತಾನೆ.

ನೋಟದಲ್ಲಿ ಕೈಗಳು ಕಾಣಲಿ. ‘ಗ್ಯಾಸ್ ಆಫ್ ಮಾಡಿ’ ಎನ್ನುವಾಗ ಸಿಲಿಂಡರಿನ ಚಿತ್ರ ಸಾಲದು. ರೆಗ್ಯುಲೇಟರಿನ ನಾಬ್ ಯಾವ ಕಡೆಗೆ ತಿರುಗುತ್ತದೆ ಎಂಬುದು ಹತ್ತಿರದಿಂದ ಕಾಣಬೇಕು. ಪ್ರತಿ ಕೆಲಸಕ್ಕೂ ದೊಡ್ಡ ಅಂಕೆ ಒಂದು, ತೆರೆಯ ಅದೇ ಜಾಗದಲ್ಲಿ. ಕೆಳಗಿನ ಅಂಚಿನಲ್ಲಿ ಅಕ್ಷರ ಹಾಕಬೇಡಿ, ಫೋನಿನ ಆಪ್‌ಗಳ ಬಟನ್‌ಗಳು ಅಲ್ಲೇ ಬಂದು ಕೂರುತ್ತವೆ.

5. ಎಚ್ಚರಿಕೆಯ ನೋಟಗಳು

ನೆರೆಯ ವೀಡಿಯೊದಲ್ಲಿ ಎಲ್ಲರಿಗೂ ಇಷ್ಟವಾಗುವುದು ಭಯಂಕರ ದೃಶ್ಯ. ತೇಲುವ ಕಾರು, ಕುಸಿಯುವ ಮನೆ. ನನ್ನ ಪ್ರಕಾರ ಇವು ಎರಡು ಕೆಡುಕು ಮಾಡುತ್ತವೆ. ಮೊದಲನೆಯದು, ಅಪಾಯ ಅಷ್ಟು ದೊಡ್ಡದಾಗಿ ಕಂಡರೆ ಮಾತ್ರ ಅಪಾಯ ಎಂದು ನೋಡುವವರು ತಿಳಿಯುತ್ತಾರೆ. ಮನೆ ಮುಂದೆ ಪಾದ ಮುಳುಗುವಷ್ಟು ನೀರು ಹರಿಯುತ್ತಿದ್ದರೆ, ಅದು ವೀಡಿಯೊದಲ್ಲಿ ನೋಡಿದ್ದರ ಹಾಗೆ ಇಲ್ಲವಲ್ಲ ಎಂದು ಇಳಿಯುತ್ತಾರೆ. ನಿಜ ಸಂಗತಿ ಬೇರೆ. ರಭಸವಾಗಿ ಹರಿಯುವ ನೀರು ಸುಮಾರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. 30 ಸೆಂಟಿಮೀಟರ್ ಇದ್ದರೆ ಚಿಕ್ಕ ಕಾರುಗಳನ್ನು ತೇಲಿಸಬಲ್ಲದು. 60 ಸೆಂಟಿಮೀಟರ್ ಇದ್ದರೆ ದೊಡ್ಡ ವಾಹನಗಳನ್ನೂ ಕೊಂಡೊಯ್ಯುತ್ತದೆ.

ಈ ಅಂಕೆಗಳನ್ನು ತೆರೆಯ ಮೇಲೆ ಬರೆದರೆ ಪ್ರಯೋಜನ ಕಡಿಮೆ. ಮಳೆಯಲ್ಲಿ ಯಾರೂ ಸ್ಕೇಲ್ ಹಿಡಿದು ನಿಲ್ಲುವುದಿಲ್ಲ. ಅದರ ಬದಲು ಒಬ್ಬ ಮನುಷ್ಯನ ಕಾಲು ತೋರಿಸಿ, ಗೆರೆ ಎಳೆಯಿರಿ. ಹಿಮ್ಮಡಿಯ ಗಂಟಿಗಿಂತ ಸ್ವಲ್ಪ ಮೇಲೆ ಒಂದು ಗೆರೆ: ಇಷ್ಟು ಹರಿಯುತ್ತಿದ್ದರೆ ಇಳಿಯುವಂತಿಲ್ಲ. ಮೊಣಕಾಲಿನ ಕೆಳಗೆ ಇನ್ನೊಂದು: ಇಷ್ಟಿದ್ದರೆ ಕಾರು ತೇಲುತ್ತದೆ. ಈ ಚಿತ್ರಕ್ಕೆ ಮಾತೇ ಬೇಡ.

ಇನ್ನೊಂದು ಒಳ್ಳೆಯ ನೋಟ ಇದೆ, ಖರ್ಚೂ ಇಲ್ಲ. ಮುಳುಗಿದ ರಸ್ತೆಯ ಒಂದು ಚಿತ್ರ, ಕೆಂಪು ನೀರು, ಮೇಲೆ ಏನೂ ಕಾಣುತ್ತಿಲ್ಲ. ಮರುಕ್ಷಣ ಅದೇ ಕೋನದಿಂದ ನೀರಿಲ್ಲದ ಅದೇ ರಸ್ತೆ: ಅಂಚು ಕೊಚ್ಚಿಹೋಗಿದೆ, ನಡುವೆ ಮುಚ್ಚಳ ಇಲ್ಲದ ಗುಂಡಿ. ಚಿತ್ರ ಬರೆದು ಮಾಡಿದರೂ ಸಾಕು. ನೀರಿನ ಆಳ ಗೊತ್ತಿದ್ದವರಿಗೂ ಅದರಡಿಯ ನೆಲ ಗೊತ್ತಿರುವುದಿಲ್ಲ ಎಂಬುದು ಮೂರು ಸೆಕೆಂಡಿನಲ್ಲಿ ತಲುಪುತ್ತದೆ.

ಎರಡನೆಯ ಕೆಡುಕು ತಪ್ಪು ಕೆಲಸವನ್ನು ತೋರಿಸುವ ರೀತಿಯಲ್ಲಿದೆ. ನೀರಿನಲ್ಲಿ ನಿಂತು ಸ್ವಿಚ್ ಮುಟ್ಟುವವನನ್ನು ಐದು ಸೆಕೆಂಡ್ ತೋರಿಸಿ, ಕೊನೆಗೆ ಕೆಂಪು ಅಡ್ಡಗೆರೆ ಹಾಕುತ್ತಾರೆ. ಯಾರೋ ಅರ್ಧ ನೋಡಿದರೆ? ಯಾರೋ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ? ತಪ್ಪನ್ನು ತೋರಿಸಲೇಬೇಕಿದ್ದರೆ ಅಡ್ಡಗೆರೆ ಮೊದಲ ಚೌಕಟ್ಟಿನಿಂದಲೇ ಇರಲಿ, ಎರಡು ಮೂರು ಸೆಕೆಂಡಿಗೆ ಮುಗಿಯಲಿ, ಅದರ ಬೆನ್ನಿಗೇ ಸರಿಯಾದ ಕೆಲಸ ಅದರ ಎರಡರಷ್ಟು ಹೊತ್ತು ಕಾಣಲಿ.

ಗುರುತುಗಳ ವಿಷಯ ಚಿಕ್ಕದು. ಐಎಸ್‌ಒ 7010 ಎಂಬ ಅಂತಾರಾಷ್ಟ್ರೀಯ ಮಾನದಂಡದ ಗುರುತುಗಳಲ್ಲಿ ನಮಗೆ ಬೇಕಾದವು ಮೂರು. ಹಳದಿ ತ್ರಿಕೋನ ಅಂದರೆ ಎಚ್ಚರ. ಕೆಂಪು ವೃತ್ತಕ್ಕೆ ಓರೆ ಗೆರೆ ಅಂದರೆ ಮಾಡಬಾರದು. ನೀಲಿ ವೃತ್ತ ಅಂದರೆ ಮಾಡಲೇಬೇಕು. ಇವನ್ನೇ ಬಳಸಿ, ವೀಡಿಯೊ ಪೂರ್ತಿ ಅದೇ ಅರ್ಥದಲ್ಲಿ ಬಳಸಿ. ಕೆಂಪು ಹಸಿರು ವ್ಯತ್ಯಾಸ ಕಾಣದವರೂ ಆಕಾರ ನೋಡಿ ತಿಳಿಯುತ್ತಾರೆ. ಬಣ್ಣದಲ್ಲಿ ಇನ್ನೊಂದು ಗೊಂದಲ ಇದೆ. ಹವಾಮಾನ ಇಲಾಖೆಗಳು ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಯ ಮಟ್ಟ ಹೇಳುತ್ತವೆ. ಅಂದಕ್ಕಾಗಿ ನಿಮ್ಮ ಶೀರ್ಷಿಕೆಗೆ ಕೆಂಪು ಪಟ್ಟಿ ಹಾಕಿದರೆ ಇವತ್ತು ರೆಡ್ ಅಲರ್ಟ್ ಅಂತೆ ಎಂಬ ಸುದ್ದಿ ಹೊರಟೀತು.

ಮಿಂಚಿನ ಥರ ಪಕಪಕ ಹೊಳೆಯುವ ಎಫೆಕ್ಟ್ ಬೇಡ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಹೊಳೆದರೆ ಕೆಲವರಿಗೆ ಫಿಟ್ಸ್ ಬರುವ ಅಪಾಯ ಇದೆ. ಸೈರನ್ ಸದ್ದೂ ಬೇಡ. ಪಕ್ಕದ ಕೋಣೆಯಲ್ಲಿ ಇರುವವರಿಗೆ ಅದು ವೀಡಿಯೊದ್ದೋ ನಿಜದ್ದೋ ತಿಳಿಯುವುದಿಲ್ಲ. ಅಮೆರಿಕದಲ್ಲಂತೂ ತುರ್ತು ಎಚ್ಚರಿಕೆಯ ಸದ್ದನ್ನು ಸುಮ್ನೆ ಪ್ರಸಾರ ಮಾಡುವುದೇ ಕಾನೂನಿಗೆ ವಿರುದ್ಧ.

6. ದನಿ ಶಾಂತವಾಗಿರಬೇಕು ಅಂದರೆ ಏನು?

ಮೆಲ್ಲಗೆ ಮಾತಾಡುವುದಲ್ಲ. ನಿದ್ದೆ ಬರಿಸುವ ದನಿಯೂ ಅಲ್ಲ.

ಜನ ಎಚ್ಚರಿಕೆ ಕೇಳಿದ ಕೂಡಲೇ ದಿಕ್ಕಾಪಾಲಾಗಿ ಓಡುತ್ತಾರೆ ಎಂಬ ಭಯ ಸ್ಕ್ರಿಪ್ಟ್ ಬರೆಯುವವರಿಗೆ ಇರುತ್ತದೆ. ಎಚ್ಚರಿಕೆಗೆ ಜನ ಹೇಗೆ ಸ್ಪಂದಿಸುತ್ತಾರೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಡೆನಿಸ್ ಮಿಲೆಟಿ ಇದಕ್ಕೆ ವಿರುದ್ಧವಾದದ್ದನ್ನೇ ಹೇಳುತ್ತಿದ್ದರು. ಜನ ಓಡುವುದಿಲ್ಲ, ಕೂರುತ್ತಾರೆ. ಪಕ್ಕದ ಮನೆಯವರನ್ನು ಕೇಳುತ್ತಾರೆ, ಟಿವಿ ಹಾಕುತ್ತಾರೆ, ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ. ಸುದ್ದಿ ನಿಜವೇ ಎಂದು ಖಚಿತ ಮಾಡಿಕೊಳ್ಳದೆ ಏಳುವುದಿಲ್ಲ. ಆದ್ದರಿಂದ ನಿಮ್ಮ ನಿರೂಪಣೆ ಅವರನ್ನು ಸಮಾಧಾನ ಮಾಡುವುದಕ್ಕಿಂತ ಏಳಿಸುವುದು ಮುಖ್ಯ. ‘ಗಾಬರಿಯಾಗಬೇಡಿ’ ಎಂಬ ಸಾಲನ್ನು ತೆಗೆದುಹಾಕಿ. ಗಾಬರಿಯಾಗುವಂಥದ್ದು ಏನಿದೆ ಎಂದು ಹುಡುಕಲು ಆ ಮಾತೇ ಹಚ್ಚುತ್ತದೆ. ಮಾಡಬೇಕಾದ ಕೆಲಸವನ್ನು ಸ್ಪಷ್ಟವಾಗಿ ಹೇಳಿದರೆ ದನಿ ತಾನೇ ಶಾಂತವಾಗಿ ಕೇಳುತ್ತದೆ.

ಬರೆಯುವಾಗ ಒಂದು ವಾಕ್ಯಕ್ಕೆ ಒಂದೇ ಕೆಲಸ ಇರಲಿ. ಸುತ್ತೋಲೆಯ ಭಾಷೆ ಬೇಡ. ‘ಸೂಕ್ತ ಮುನ್ನೆಚ್ಚರಿಕಾ ಕ್ರಮಗಳನ್ನು ಕೈಗೊಳ್ಳತಕ್ಕದ್ದು’ ಎಂದರೆ ಯಾರ ಕೈಯೂ ಯಾವ ಸ್ವಿಚ್ಚಿನ ಕಡೆಗೂ ಹೋಗುವುದಿಲ್ಲ. ಕನ್ನಡದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ‘ಬೇಡ’ ವಾಕ್ಯದ ಕೊನೆಗೆ ಬರುತ್ತದೆ. ‘ಸ್ವಿಚ್ ಬೋರ್ಡ್ ಮುಟ್ಟಬೇಡಿ’ ಎಂಬುದರಲ್ಲಿ ಕೊನೆಯ ತುಣುಕು ಮಳೆ ಸದ್ದಿನಲ್ಲಿ ಹೋದರೆ ಉಳಿಯುವುದು ಸ್ವಿಚ್ ಬೋರ್ಡ್ ಮುಟ್ಟುವ ಮಾತು. ಪ್ರಾಣಕ್ಕೆ ಸಂಬಂಧಿಸಿದ ಸಾಲುಗಳಲ್ಲಿ ಮಾಡಬೇಕಾದದ್ದನ್ನೇ ಹೇಳಿ: ‘ಸ್ವಿಚ್ ಬೋರ್ಡಿನಿಂದ ದೂರ ಇರಿ.’

ಓದುವವರು ಕುಳಿತು ಓದಲಿ. ಎದುರಿಗೆ ಒಬ್ಬರು ಇರಲಿ, ಅವರಿಗೆ ಹೇಳಿದ ಹಾಗೆ ಓದಲಿ. ವಾಕ್ಯದ ಕೊನೆಗೆ ದನಿ ಇಳಿಯಬೇಕು. ಮೇಲೆತ್ತಿ ನಿಲ್ಲಿಸಿದರೆ ಪ್ರಶ್ನೆಯ ಹಾಗೆ, ಇಲ್ಲವೇ ಜಾಹೀರಾತಿನ ಹಾಗೆ ಕೇಳುತ್ತದೆ. ಪ್ರತಿ ಕೆಲಸ ಆದ ಮೇಲೆ ಎರಡು ಸೆಕೆಂಡ್ ಮೌನ. ಎಡಿಟ್ ಮಾಡುವವರು ಈ ಮೌನ ಕತ್ತರಿಸಲು ತುದಿಗಾಲಲ್ಲಿ ಇರುತ್ತಾರೆ, ಆದ್ದರಿಂದ ಸ್ಕ್ರಿಪ್ಟಿನಲ್ಲೇ ‘2 ಸೆಕೆಂಡ್ ಬಿಡುವು’ ಎಂದು ಬರೆದಿಡಿ. ಹಿನ್ನೆಲೆ ಸಂಗೀತ ಹಾಕಬೇಡಿ. ಚಿಕ್ಕ ಸ್ಪೀಕರಿನಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ, ಮೊದಲು ಮುಳುಗುವುದು ಮಾತು.

7. ಸ್ಕ್ರಿಪ್ಟ್ ಹೀಗೆ ಬರುತ್ತದೆ

ಆರಂಭ, 0–10 ಸೆಕೆಂಡ್
ನೋಟ: ಒಣಗಿದ ಹೊಸ್ತಿಲು, ಆಚೆ ಮಳೆ. ಹಗಲು ಬೆಳಕು. ಮೂಲೆಯಲ್ಲಿ ‘ತರಬೇತಿ ವೀಡಿಯೊ’ ಎಂಬ ಅಕ್ಷರ, ಇದು ಕೊನೆಯವರೆಗೂ ಇರುತ್ತದೆ.
ದನಿ: ಇವತ್ತು ರಾತ್ರಿ ನೀರು ಬರಬಹುದು ಎಂಬ ಸೂಚನೆ ಬಂದಿದ್ದರೆ, ಕತ್ತಲಾಗುವ ಮೊದಲು ಆರು ಕೆಲಸ ಮಾಡಿ. ಇದೇ ಸಾಲಿನಲ್ಲಿ ಮಾಡಿ.

ಕೆಲಸ 1, 10–25 ಸೆಕೆಂಡ್
ನೋಟ: ಕಾಗದದ ಮೇಲೆ ಮನೆಯಿಂದ ಎತ್ತರದ ಕಟ್ಟಡಕ್ಕೆ ಬೆರಳು ದಾರಿ ಎಳೆಯುತ್ತದೆ. ಆಮೇಲೆ ಫೋನಿನಲ್ಲಿ ಮಾತಾಡುವ ಮುಖ.
ದನಿ: ಒಂದು. ಎಲ್ಲಿಗೆ ಹೋಗುತ್ತೀರಿ, ಯಾವ ದಾರಿಯಲ್ಲಿ ಹೋಗುತ್ತೀರಿ, ಈಗಲೇ ಗೊತ್ತು ಮಾಡಿ. ಬೇರೆ ಊರಿನಲ್ಲಿರುವ ಒಬ್ಬರಿಗೆ ಫೋನ್ ಮಾಡಿ ತಿಳಿಸಿ. (2 ಸೆಕೆಂಡ್ ಬಿಡುವು)

ಕೆಲಸ 2, 25–40 ಸೆಕೆಂಡ್
ನೋಟ: ಎರಡು ಫೋನ್, ಒಂದು ಟಾರ್ಚ್ ಚಾರ್ಜಿನಲ್ಲಿ. ನಲ್ಲಿಯಿಂದ ಕ್ಯಾನ್ ತುಂಬುತ್ತದೆ, ಕೈ ಮುಚ್ಚಳ ಬಿಗಿಯುತ್ತದೆ.
ದನಿ: ಎರಡು. ಫೋನ್, ಟಾರ್ಚ್ ಚಾರ್ಜಿಗೆ ಹಾಕಿ. ಕುಡಿಯುವ ನೀರು ತುಂಬಿ. ಮುಚ್ಚಳ ಹಾಕಿ. (2 ಸೆಕೆಂಡ್ ಬಿಡುವು)

ಕೆಲಸ 3, 40–55 ಸೆಕೆಂಡ್
ನೋಟ: ವಯಸ್ಸಾದ ಒಬ್ಬರನ್ನು ಕೈಹಿಡಿದು ಗಾಡಿಗೆ ಹತ್ತಿಸುತ್ತಾರೆ. ರಸ್ತೆ ಒಣಗಿರುವುದು ಸ್ಪಷ್ಟವಾಗಿ ಕಾಣಬೇಕು. ಅವರ ಮಡಿಲಲ್ಲಿ ಔಷಧಿಯ ಚೀಲ.
ದನಿ: ಮೂರು. ವಯಸ್ಸಾದವರು, ನಡೆಯಲಾಗದವರು, ಮಕ್ಕಳು. ರಸ್ತೆ ಒಣಗಿರುವಾಗಲೇ ಇವರನ್ನು ಕಳಿಸಿ. ಮನೆಯ ಒಬ್ಬರು ಜೊತೆಗೆ ಹೋಗಿ. (2 ಸೆಕೆಂಡ್ ಬಿಡುವು)

ಕೆಲಸ 4, 55–70 ಸೆಕೆಂಡ್
ನೋಟ: ಕಾಗದಪತ್ರ, ಔಷಧಿ, ಹಣ ಪ್ಲಾಸ್ಟಿಕ್ ಕವರಿಗೆ ಹೋಗುತ್ತವೆ, ಗಂಟು ಬೀಳುತ್ತದೆ, ಬೆನ್ನಿನ ಬ್ಯಾಗಿಗೆ ಸೇರುತ್ತವೆ. ನಂತರ ಹಸುವಿನ ಕೊರಳ ಹಗ್ಗ ಬಿಚ್ಚುವ ಕೈ.
ದನಿ: ನಾಲ್ಕು. ಕಾಗದಪತ್ರ, ಔಷಧಿ, ಹಣ. ಇಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ, ಬೆನ್ನಿಗೆ ಹಾಕಿಕೊಳ್ಳಿ. ಸಾಕುಪ್ರಾಣಿಗಳ ಹಗ್ಗ ಬಿಚ್ಚಿ. (2 ಸೆಕೆಂಡ್ ಬಿಡುವು)

ಕೆಲಸ 5, 70–85 ಸೆಕೆಂಡ್
ನೋಟ: ರೆಗ್ಯುಲೇಟರ್ ನಾಬ್ ತಿರುಗುತ್ತದೆ. ಒಣ ನೆಲದ ಮೇಲೆ ಚಪ್ಪಲಿ ಹಾಕಿದ ಕಾಲು, ಆಮೇಲೆ ಮೇನ್ ಸ್ವಿಚ್ ಕೆಳಕ್ಕೆ. ಕೊನೆಗೆ ನೀರು ನಿಂತ ಕೋಣೆಯ ಚಿತ್ರ, ಸ್ವಿಚ್ ಬೋರ್ಡಿನ ಮೇಲೆ ಮೊದಲಿನಿಂದಲೇ ಓರೆ ಗೆರೆಯ ಕೆಂಪು ವೃತ್ತ.
ದನಿ: ಐದು. ಗ್ಯಾಸ್ ಆಫ್ ಮಾಡಿ. ನೆಲ ಒಣಗಿದ್ದರೆ ಮಾತ್ರ, ಮೇನ್ ಸ್ವಿಚ್ ಆಫ್ ಮಾಡಿ. ನೀರು ಒಳಗೆ ಬಂದಿದ್ದರೆ, ಸ್ವಿಚ್ ಬೋರ್ಡಿನಿಂದ ದೂರ ಇರಿ. (2 ಸೆಕೆಂಡ್ ಬಿಡುವು)

ಕೆಲಸ 6, 85–100 ಸೆಕೆಂಡ್
ನೋಟ: ಬಾಗಿಲು ಹಾಕಿ ಹೊರಡುತ್ತಾರೆ, ಇನ್ನೂ ಬೆಳಕಿದೆ. ಮುಂದೆ ರಸ್ತೆಯ ಮೇಲೆ ಹರಿಯುವ ನೀರು. ಕಾಲಿನ ಗೆರೆಯ ಚಿತ್ರ. ಅವರು ತಿರುಗಿ ಬೇರೆ ದಾರಿ ಹಿಡಿಯುತ್ತಾರೆ.
ದನಿ: ಆರು. ಬೆಳಕಿರುವಾಗಲೇ ಹೊರಡಿ. ದಾರಿಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದೆ ತಿರುಗಿ. ಬೇರೆ ದಾರಿ ಹಿಡಿಯಿರಿ. (2 ಸೆಕೆಂಡ್ ಬಿಡುವು)

ಕೊನೆ, 100–120 ಸೆಕೆಂಡ್
ನೋಟ: ಆರು ಚಿತ್ರ ಒಟ್ಟಿಗೆ, ಅಂಕೆಗಳ ಸಮೇತ. ಅವುಗಳ ಕೆಳಗೆ, ತೆರೆಯ ಅಂಚಿಗೆ ತಾಗದ ಹಾಗೆ, ಸ್ಥಳೀಯ ಸಹಾಯವಾಣಿ. ಹತ್ತು ಸೆಕೆಂಡ್ ಅಲುಗಾಡದೆ ನಿಲ್ಲಬೇಕು, ಸ್ಕ್ರೀನ್‌ಶಾಟ್ ತೆಗೆಯಲು.
ದನಿ: ಹೊರಡಿ ಎಂದು ಅಧಿಕಾರಿಗಳು ಹೇಳಿದರೆ, ಯಾವ ಕೆಲಸದಲ್ಲಿದ್ದರೂ ಬಿಡಿ. ಎಲ್ಲರೂ ಆಗಲೇ ಹೊರಡಿ.

ಈ ಕೊನೆಯ ಸಾಲು ಬಹಳ ಸ್ಕ್ರಿಪ್ಟುಗಳಲ್ಲಿ ಇರುವುದಿಲ್ಲ. ಅದಿಲ್ಲದಿದ್ದರೆ ಆರು ಕೆಲಸದ ಪಟ್ಟಿಯೇ ಅಪಾಯ. ಇನ್ನೂ ನಾಲ್ಕನೆಯದು ಆಗಿಲ್ಲ, ಮುಗಿಸಿ ಹೋಗೋಣ ಎಂದು ಮನೆಯಲ್ಲಿ ಉಳಿಯುವವರು ಇದ್ದೇ ಇರುತ್ತಾರೆ, ಅಲ್ವಾ?

ಐದನೇ ಕೆಲಸಕ್ಕೆ ಒಂದು ಸೇರ್ಪಡೆ. ಗ್ಯಾಸ್ ವಾಸನೆ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟುವಂತಿಲ್ಲ, ಕಿಡಿ ಹಾರಬಹುದು. ಇದನ್ನು ಎರಡು ನಿಮಿಷದಲ್ಲಿ ಸೇರಿಸಲು ಜಾಗ ಇಲ್ಲ. ವೀಡಿಯೊ ಜೊತೆ ಕಳಿಸುವ ಬರಹದಲ್ಲಿ ಹಾಕಿ.

8. ಚಂಡಮಾರುತವಾದರೆ ಏನು ಬದಲಾಗುತ್ತದೆ?

ಸಾಲು ಹಿಂದುಮುಂದಾಗುತ್ತದೆ. ಗಾಳಿ ನೀರಿಗಿಂತ ಮೊದಲೇ ಬರುತ್ತದೆ, ಹಾಗಾಗಿ ಹೊರಗಿನ ಕೆಲಸ ಎಲ್ಲಕ್ಕಿಂತ ಮೊದಲು ಕೈತಪ್ಪುತ್ತದೆ. ತಗಡು, ಕುರ್ಚಿ, ಹೂಕುಂಡ ಇಂಥ ಹಾರುವ ವಸ್ತುಗಳನ್ನು ಒಳಗಿಡುವುದು ಮೇಲಕ್ಕೆ ಬರುತ್ತದೆ. ಹೊರಡುವುದೂ ಮುಂದಕ್ಕೆ ಬರಬೇಕು. ಗಾಳಿ ಜೋರಾದ ಮೇಲೆ ರಸ್ತೆಯಲ್ಲಿ ಇರುವುದು ಮನೆಯಲ್ಲಿ ಇರುವುದಕ್ಕಿಂತ ಅಪಾಯ.

ನೋಟದ ವಿಷಯದಲ್ಲಿ ಒಂದು ಆಕರ್ಷಣೆ ಬಿಡಬೇಕು. ಚಂಡಮಾರುತ ಅಂದರೆ ಎಲ್ಲರೂ ಬಾಗುವ ತೆಂಗಿನಮರ ತೋರಿಸುತ್ತಾರೆ. ಆದರೆ ಸಾವು ಹೆಚ್ಚಾಗಿ ಗಾಳಿಯಿಂದ ಆಗುವುದಿಲ್ಲ. ಅಮೆರಿಕದಲ್ಲಿ 1963ರಿಂದ 2012ರವರೆಗಿನ ಚಂಡಮಾರುತಗಳಲ್ಲಿ ನೇರವಾಗಿ ಸತ್ತವರ ಲೆಕ್ಕ ತೆಗೆದಾಗ ಹತ್ತರಲ್ಲಿ ಸುಮಾರು ಒಂಬತ್ತು ಸಾವು ನೀರಿನಿಂದ ಆಗಿದ್ದವು. ಅದರಲ್ಲಿ ದೊಡ್ಡ ಪಾಲು ಸಮುದ್ರದ ಉಬ್ಬರದ್ದು. ಉಬ್ಬರ ಅಂದರೆ ಬಿರುಗಾಳಿ ಸಮುದ್ರದ ನೀರನ್ನು ದಡದ ಮೇಲೆ ತಳ್ಳಿಕೊಂಡು ಬರುವುದು. ಅದು ಮಾಮೂಲಿ ಅಲೆಯ ಹಾಗೆ ಬಂದು ವಾಪಸ್ ಹೋಗುವುದಿಲ್ಲ, ಮಟ್ಟವೇ ಏರಿ ನಿಲ್ಲುತ್ತದೆ. ಕರಾವಳಿಯವರಿಗೆ ಮಾಡುವ ವೀಡಿಯೊದಲ್ಲಿ ಮರದ ಬದಲು ಒಂದು ಗೋಡೆ ತೋರಿಸಿ, ನೀರು ಏರಬಹುದಾದ ಮಟ್ಟಕ್ಕೆ ಗೆರೆ ಎಳೆಯಿರಿ. ಆ ಮಟ್ಟ ಎಷ್ಟು ಎಂಬುದನ್ನು ಅಧಿಕಾರಿಗಳಿಂದ ಕೇಳಿ ಪಡೆಯಿರಿ, ಅಂದಾಜಿನಲ್ಲಿ ಎಳೆಯಬೇಡಿ.

ಇನ್ನೊಂದು ನೋಟ ಸೇರಿಸಲೇಬೇಕು. ಚಂಡಮಾರುತದ ನಡುವಿನ ಭಾಗಕ್ಕೆ ಕಣ್ಣು ಎನ್ನುತ್ತಾರೆ. ಅದು ನಿಮ್ಮ ಮೇಲೆ ಹಾದುಹೋಗುವಾಗ ಗಾಳಿ ಒಮ್ಮೆಲೇ ನಿಲ್ಲುತ್ತದೆ, ಆಕಾಶವೂ ತಿಳಿಯಾಗಬಹುದು. ಜನ ಮುಗಿಯಿತು ಎಂದು ಹೊರಬರುತ್ತಾರೆ. ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಅಪ್ಪಳಿಸುತ್ತದೆ. ಇದಕ್ಕೆ ಹತ್ತು ಸೆಕೆಂಡ್ ಕೊಡಿ. ಗಾಳಿ ಸದ್ದು ಪೂರ್ತಿ ನಿಲ್ಲಲಿ. ಬಾಗಿಲ ಚಿಲಕದ ಮೇಲೆ ಒಂದು ಕೈ, ಅದರ ಮೇಲೆ ಹಳದಿ ತ್ರಿಕೋನ. ದನಿ: ‘ಗಾಳಿ ನಿಂತರೂ ಒಳಗೇ ಇರಿ. ಇನ್ನೊಂದು ಕಡೆಯಿಂದ ಮತ್ತೆ ಬರುತ್ತದೆ. ಮುಗಿಯಿತು ಎಂದು ಅಧಿಕಾರಿಗಳು ಹೇಳುವವರೆಗೆ ಒಳಗೇ ಇರಿ.’

9. ತೋರಿಸಿ ನೋಡಿ

ಚಿತ್ರೀಕರಣಕ್ಕೆ ಮುಂಚೆ, ಕೈಯಲ್ಲಿ ಬರೆದ ಚಿತ್ರಗಳನ್ನು ಜೋಡಿಸಿ, ಫೋನಿನಲ್ಲಿ ಓದಿದ ದನಿ ಸೇರಿಸಿ ಒಂದು ಕಚ್ಚಾ ವೀಡಿಯೊ ಮಾಡಿ. ಅದನ್ನು ನಾಲ್ಕೈದು ಜನರಿಗೆ ತೋರಿಸಿ. ನಿಮ್ಮ ತಂಡದವರಿಗಲ್ಲ. ಇಬ್ಬರಿಗೆ ದನಿ ಇಲ್ಲದೆ, ಇಬ್ಬರಿಗೆ ತೆರೆ ಮುಚ್ಚಿ ದನಿ ಮಾತ್ರ.

‘ಹೇಗಿತ್ತು?’ ಎಂದು ಕೇಳಬೇಡಿ. ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆಮೇಲೆ ‘ಈಗ ಸೂಚನೆ ಬಂತು, ಏನು ಮಾಡ್ತೀರಿ?’ ಎಂದು ಕೇಳಿ. ಅವರ ಮನೆಯಲ್ಲೇ ಆದರೆ ಎದ್ದು ಮಾಡಿ ತೋರಿಸಲು ಹೇಳಿ. ಮೇನ್ ಸ್ವಿಚ್ ಎಲ್ಲಿದೆ ಎಂದು ಹುಡುಕಾಡಿದರೆ, ಮಳೆಗಾಲದ ಮುಂಚಿನ ವೀಡಿಯೊದಲ್ಲಿ ಏನಿರಬೇಕು ಎಂಬುದೂ ನಿಮಗೆ ಗೊತ್ತಾಯಿತು. ನಾಲ್ಕು ಕೆಲಸ ಸಾಲಾಗಿ ಹೇಳಿದರೆ ಸ್ಕ್ರಿಪ್ಟ್ ನಡೆಯುತ್ತದೆ. ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ತಪ್ಪು ಅವರದ್ದಲ್ಲ, ಆ ಸಾಲನ್ನು ಬದಲಿಸಿ. ಮುಖ್ಯವಾಗಿ ಐದನೆಯದನ್ನು ಗಮನಿಸಿ. ಒಬ್ಬರಾದರೂ ಮೇನ್ ಸ್ವಿಚ್ ಆಫ್ ಮಾಡುವುದನ್ನು ನೀರಿನ ಜೊತೆ ಸೇರಿಸಿ ಹೇಳಿದರೆ, ಆ ನೋಟವನ್ನು ಮೊದಲಿನಿಂದ ಬರೆಯಿರಿ.

10. ಕಳಿಸುವ ಮುನ್ನ

ಅಕ್ಷರಗಳನ್ನು ವೀಡಿಯೊದೊಳಗೇ ಅಚ್ಚಾಗುವಂತೆ ಹಾಕಿ. ಪ್ರತ್ಯೇಕ ಸಬ್‌ಟೈಟಲ್ ಫೈಲ್ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಕಳೆದುಹೋಗುತ್ತದೆ. ಫೈಲ್ ಚಿಕ್ಕದಿರಲಿ, ಮಳೆಯ ದಿನ ನೆಟ್‌ವರ್ಕ್ ತೆಳುವಾಗಿರುತ್ತದೆ. ಆರು ಚಿತ್ರದ ಕೊನೆಯ ಚೌಕಟ್ಟನ್ನು ಬೇರೆ ಫೋಟೊ ಆಗಿಯೂ ಇಟ್ಟುಕೊಳ್ಳಿ. ವೀಡಿಯೊ ತೆರೆಯದವರಿಗೆ ಅದೊಂದಾದರೂ ತಲುಪುತ್ತದೆ.

ನಿಜವಾದ ನೆರೆಯ ದೃಶ್ಯ ಬಳಸಿದ್ದರೆ ಅದರ ಮೇಲೆ ಯಾವ ವರ್ಷದ್ದು ಎಂದು ಬರೆಯಿರಿ. ಆ ತುಣುಕನ್ನು ಯಾರಾದರೂ ಕತ್ತರಿಸಿ ‘ಈಗ ತಾನೇ’ ಎಂದು ಹಂಚಿದರೆ ವರ್ಷವೂ ಜೊತೆಗೆ ಹೋಗಬೇಕು. ಆದ್ದರಿಂದ ಅದು ಮೂಲೆಯಲ್ಲಿ ಬೇಡ, ಕತ್ತರಿಸಲಾಗದ ಹಾಗೆ ನಡುವಿನ ಹತ್ತಿರ ಇರಲಿ. ವೀಡಿಯೊ ಮಾಡಿದ ತಿಂಗಳು, ವರ್ಷ ಕೊನೆಯ ಚೌಕಟ್ಟಿನಲ್ಲಿ ಇರಲಿ. ಮುಂದಿನ ಮಳೆಗಾಲಕ್ಕೆ ಮೊದಲು ಸಹಾಯವಾಣಿಗೆ ಫೋನ್ ಮಾಡಿ ನಂಬರ್ ನಡೆಯುತ್ತಿದೆಯೇ ನೋಡಿ, ಹೋಗುವ ಜಾಗ ಅದೇ ಇದೆಯೇ ಕೇಳಿ. ಬದಲಾಗಿದ್ದರೆ ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿ.